ತಿಂಗಳ ಬಿಲ್ಲಿಂಗ್‌ನಲ್ಲಿ ಒಂದೇ ಪಾರ್ಟಿ 40% ದಾಟಿದೆ. ಅವರ ಹೊಸ ಆರ್ಡರ್ ಬೇಡ ಅನ್ನಬೇಕಾ?

ಪೀಣ್ಯ ಟರ್ನಿಂಗ್

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಿಎನ್‌ಸಿ ಶಾಪ್ ಇದೆ. ಆರು ಟರ್ನಿಂಗ್ ಸೆಂಟರ್, ಎರಡು ವಿಎಂಸಿ. ನಾನು ಮತ್ತು ನನ್ನ ಬಾಮೈದ ಸೇರಿ ನಡೆಸುತ್ತೇವೆ.

ಕಳೆದ ವರ್ಷ ನಮ್ಮ ಪಕ್ಕದ ಶೆಡ್‌ನವರು ಒಂದೇ ಪಾರ್ಟಿಯನ್ನು ನಂಬಿ, ಆ ಪಾರ್ಟಿ ಹೋದಮೇಲೆ ಯಂತ್ರಗಳನ್ನು ಮಾರಿದರು. ಅದನ್ನು ನೋಡಿ ನಾವೂ ಒಂದು ಅಲರ್ಟ್ ಇಟ್ಟುಕೊಂಡೆವು. ಯಾವುದೇ ಪಾರ್ಟಿ ತಿಂಗಳ ಬಿಲ್ಲಿಂಗ್‌ನಲ್ಲಿ 40% ದಾಟಿದರೆ ಗೂಗಲ್ ಶೀಟ್‌ನಲ್ಲಿ ಆ ಸಾಲು ಕೆಂಪಾಗುತ್ತದೆ. ಅಕೌಂಟ್ಸ್ ನೋಡುವ ಹುಡುಗಿ ಆಗ ನಮ್ಮಿಬ್ಬರಿಗೂ ಮೆಸೇಜ್ ಹಾಕುತ್ತಾಳೆ.

ಜೂನ್‌ನಲ್ಲಿ ಅದು ಕೆಂಪಾಯಿತು. ಲೆಕ್ಕ ಲಕ್ಷಗಳಲ್ಲಿ, ಜಿಎಸ್‌ಟಿ ಬಿಟ್ಟು:

ಏಪ್ರಿಲ್: ಒಟ್ಟು 20, ದೊಡ್ಡ ಪಾರ್ಟಿ 7. ಅಂದರೆ 35%.
ಮೇ: ಒಟ್ಟು 21, ದೊಡ್ಡ ಪಾರ್ಟಿ 7.8. ಸುಮಾರು 37%.
ಜೂನ್: ಒಟ್ಟು 17.5, ದೊಡ್ಡ ಪಾರ್ಟಿ 7.7. ಸರಿಯಾಗಿ 44%.

ಈಗ ಅದೇ ಪಾರ್ಟಿ ಇನ್ನೊಂದು ಪಾರ್ಟ್ ಕೊಡುತ್ತೇವೆ ಅನ್ನುತ್ತಿದೆ. ಬಾಮೈದ ಬೇಡವೇ ಬೇಡ ಅನ್ನುತ್ತಾನೆ. ಮಿತಿ ದಾಟಿದ ಮೇಲೂ ಆರ್ಡರ್ ತಗೊಳ್ಳೋದಾದರೆ ಮಿತಿ ಯಾಕೆ ಇಟ್ಟೆವು ಅನ್ನೋದು ಅವನ ಮಾತು. ಕೈಗೆ ಬಂದ ಕೆಲಸ ಬಿಡೋದು ಹೇಗೆ ಅಂತ ನನ್ನ ಚಿಂತೆ. ಇಂಥದ್ದನ್ನು ನೋಡಿದವರು ಹೇಳಿ.

ಆರ್ಟಿಕಲ್‌ಶಿಪ್ ಹುಡುಗ

ಸರ್, ನಾನು ಸಿಎ ಓದುತ್ತಿದ್ದೇನೆ. 40% ತುಂಬಾ ಜಾಸ್ತಿ ಆಯಿತು. ಅಕೌಂಟಿಂಗ್ ನಿಯಮದಲ್ಲೇ ಮಿತಿ 10% ಅಂತ ಇದೆ. ಒಬ್ಬ ಗಿರಾಕಿ 10% ದಾಟಿದರೆ ಅದು ಅಪಾಯ ಅಂತಲೇ ಲೆಕ್ಕ. ನೀವು ಮಿತಿಯನ್ನು ಮೊದಲು 10ಕ್ಕೆ ಇಳಿಸಿ. ಹೊಸ ಆರ್ಡರ್ ಮಾತು ಆಮೇಲೆ.

ಜಯನಗರ ರೆಡಿಮೇಡ್

ಇದು ಜಿಎಸ್‌ಟಿ ಪೋರ್ಟಲ್‌ನಿಂದ ಬರುವ ಅಲರ್ಟಾ? ನನಗೂ ಒಬ್ಬರೇ ದೊಡ್ಡ ಗಿರಾಕಿ. ಇಲ್ಲಿವರೆಗೂ ಯಾವ ನೋಟಿಸೂ ಬಂದಿಲ್ಲ. ಇಷ್ಟು ಪರ್ಸೆಂಟ್ ಮೇಲೆ ಹೋದರೆ ದಂಡ ಕಟ್ಟಬೇಕಾ?

ರಾಜಾಜಿನಗರ ಅಕೌಂಟ್ಸ್

ಜಯನಗರದವರೇ, ಇಲ್ಲ. ಇದು ಸರ್ಕಾರದ ಅಲರ್ಟ್ ಅಲ್ಲ, ದಂಡವೂ ಇಲ್ಲ. ಅವರು ತಮ್ಮ ಶೀಟ್‌ನಲ್ಲಿ ತಾವೇ ಇಟ್ಟುಕೊಂಡ ಎಚ್ಚರಿಕೆ. ನೀವು ನೆಮ್ಮದಿಯಾಗಿರಿ.

ಆರ್ಟಿಕಲ್‌ಶಿಪ್ ಹುಡುಗರೇ, ನೀವು ಹೇಳಿದ 10% ಇಂಡ್ ಎಎಸ್ 108ರಲ್ಲಿ ಬರುತ್ತದೆ, ಅದು ಸರಿ. ಆದರೆ ಅದು ಮಿತಿ ಅಲ್ಲ. ಒಬ್ಬ ಹೊರಗಿನ ಗಿರಾಕಿಯಿಂದ ಆದಾಯದ 10% ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಲೆಕ್ಕಪತ್ರದಲ್ಲಿ ತಿಳಿಸಿ ಅಂತ ಅಷ್ಟೇ. ಅದೂ ಇಂಡ್ ಎಎಸ್ ಪಾಲಿಸುವ ಕಂಪನಿಗಳಿಗೆ. ಎಂಟು ಯಂತ್ರದ ಜಾಬ್ ವರ್ಕ್ ಶಾಪ್‌ನಲ್ಲಿ 10% ಮಿತಿ ಇಟ್ಟರೆ ಪ್ರತಿ ತಿಂಗಳೂ ನಾಲ್ಕೈದು ಪಾರ್ಟಿ ಕೆಂಪಾಗಿರುತ್ತವೆ. ಆಮೇಲೆ ಆ ಬಣ್ಣವನ್ನು ಯಾರೂ ನೋಡೋದಿಲ್ಲ.

ಪೀಣ್ಯದವರೇ, ನಿಮ್ಮ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಮೇ ತಿಂಗಳಿಗಿಂತ ಜೂನ್‌ನಲ್ಲಿ ದೊಡ್ಡ ಪಾರ್ಟಿಯ ಬಿಲ್ಲಿಂಗ್ ಹೆಚ್ಚಾಗಿಲ್ಲ. 7.8 ಇದ್ದದ್ದು 7.7 ಆಗಿದೆ. ಹಾಗಾದರೆ ಅಲರ್ಟ್ ಯಾಕೆ ಬಂತು? ಉಳಿದವರ ಬಿಲ್ಲಿಂಗ್ ಏಪ್ರಿಲ್‌ನಲ್ಲಿ 13, ಮೇನಲ್ಲಿ 13.2, ಜೂನ್‌ನಲ್ಲಿ 9.8. ಬಿದ್ದಿರೋದು ಅದು. ಉಳಿದವರು ಎಂದಿನಂತೆ 13.1 ಕೊಟ್ಟಿದ್ದರೆ 7.7 ಅನ್ನೋದು 20.8ರಲ್ಲಿ 37% ಆಗುತ್ತಿತ್ತು. ಶೀಟ್ ಕೆಂಪಾಗುತ್ತಲೇ ಇರಲಿಲ್ಲ.

ಹಾಗಾಗಿ ದೊಡ್ಡ ಪಾರ್ಟಿಯ ಆರ್ಡರ್ ಬೇಡ ಅನ್ನುವ ಮೊದಲು, ಕೈಬಿಟ್ಟುಹೋದ 3.4 ಲಕ್ಷ ಯಾರದ್ದು ಅಂತ ಹುಡುಕಿ. ಜೊತೆಗೆ ಇನ್ನೊಂದು ಪ್ರಶ್ನೆ. ಟ್ಯಾಲಿಯಲ್ಲಿ ಆ ಪಾರ್ಟಿಗೆ ಒಂದೇ ಲೆಡ್ಜರ್ ಇದೆಯಾ?

ಪೀಣ್ಯ ಟರ್ನಿಂಗ್

ಸರ್, ಎರಡು ಲೆಡ್ಜರ್ ಇದೆ. ಹೊಸೂರು ಪ್ಲಾಂಟ್ 33ರಿಂದ ಶುರುವಾಗುವ ನಂಬರ್, ಬೆಂಗಳೂರು ಪ್ಲಾಂಟ್ 29ರಿಂದ. ಜೂನ್‌ನಲ್ಲಿ ಹೊಸೂರು 4.6, ಬೆಂಗಳೂರು 3.1. ಅಕೌಂಟ್ಸ್ ಹುಡುಗಿ ಎರಡನ್ನೂ ಕೈಯಲ್ಲೇ ಕೂಡುತ್ತಾಳೆ.

ಉಳಿದವರ ಕಡೆ ನಾನು ನೋಡಿರಲಿಲ್ಲ. ಇವತ್ತೇ ತೆಗೆಸುತ್ತೇನೆ.

ರಾಜಾಜಿನಗರ ಅಕೌಂಟ್ಸ್

ಆಕೆ ಕೂಡುತ್ತಿದ್ದಾಳಲ್ಲ, ಒಳ್ಳೆಯದಾಯಿತು. ಬೇರೆ ಬೇರೆಯಾಗಿ ನೋಡಿದರೆ ಒಂದು 26%, ಇನ್ನೊಂದು 18%. ಎರಡೂ ಮಿತಿಯ ಒಳಗೆ. ಅಲರ್ಟ್ ಬರುತ್ತಲೇ ಇರಲಿಲ್ಲ. ಆದರೆ ಆಕೆ ರಜೆ ಹಾಕಿದ ತಿಂಗಳು ಯಾರು ಕೂಡುತ್ತಾರೆ? ಅದನ್ನು ಶೀಟ್‌ಗೇ ಬಿಡಿ.

ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ ಇರುತ್ತದೆ. ಮೊದಲ ಎರಡು ರಾಜ್ಯದ್ದು. ಮೂರರಿಂದ ಹನ್ನೆರಡರವರೆಗೆ ಪ್ಯಾನ್. ಕಂಪನಿ ಒಂದೇ ಆದರೆ ಎಷ್ಟು ಪ್ಲಾಂಟ್ ಇದ್ದರೂ ಪ್ಯಾನ್ ಒಂದೇ. ಮಾರಾಟದ ಹಾಳೆಯ ಹೆಸರು Sales ಇರಲಿ. A ಕಾಲಂನಲ್ಲಿ ದಿನಾಂಕ, B ಜಿಎಸ್‌ಟಿ ನಂಬರ್, C ಹೆಸರು, D ಜಿಎಸ್‌ಟಿ ಬಿಟ್ಟ ಮೌಲ್ಯ. F ಕಾಲಂನಲ್ಲಿ ಇದನ್ನು ಹಾಕಿ:

```
=IF(B2="",C2,IFERROR(VLOOKUP(MID(B2,3,10),Group!A:B,2,FALSE),MID(B2,3,10)))
```

Group ಅನ್ನೋ ಹಾಳೆಯಲ್ಲಿ ಒಂದು ಕಡೆ ಪ್ಯಾನ್, ಪಕ್ಕದಲ್ಲಿ ನೀವು ಇಟ್ಟ ಗುಂಪಿನ ಹೆಸರು. ಅಲ್ಲಿ ಇಲ್ಲದ ಪಾರ್ಟಿಗೆ ಪ್ಯಾನೇ ಗುಂಪಾಗುತ್ತದೆ. ಜಿಎಸ್‌ಟಿ ನಂಬರ್ ಇಲ್ಲದವರಿಗೆ ಹೆಸರೇ ಗುಂಪು. ಇಲ್ಲದಿದ್ದರೆ ಅವರೆಲ್ಲ ಒಂದೇ ಖಾಲಿ ಗುಂಪಿಗೆ ಸೇರಿ, ಇಲ್ಲದ ದೊಡ್ಡ ಗಿರಾಕಿಯೊಬ್ಬ ಹುಟ್ಟಿಕೊಳ್ಳುತ್ತಾನೆ.

ಕ್ರೆಡಿಟ್ ನೋಟ್‌ಗಳನ್ನು ಮೈನಸ್ ಹಾಕಿ ಇದೇ ಹಾಳೆಗೆ ಸೇರಿಸಿ. ರಿಜೆಕ್ಷನ್ ಜಾಸ್ತಿ ಇರುವ ಪಾರ್ಟಿಯದ್ದು ಇಲ್ಲದಿದ್ದರೆ ದೊಡ್ಡದಾಗಿ ಕಾಣುತ್ತದೆ.

ಬೊಮ್ಮಸಂದ್ರ ಶೀಟ್ ಮೆಟಲ್

ಪ್ಯಾನ್ ಮಾತು ಸರಿ. ಆದರೆ ಪೂರ್ತಿ ಅಲ್ಲ ಸರ್. ನನ್ನ ಎರಡು ಪಾರ್ಟಿಗಳ ಪ್ಯಾನ್ ಬೇರೆ ಬೇರೆ. ಎರಡೂ ಕಡೆ ಪರ್ಚೇಸ್ ನೋಡುವವರು ಒಬ್ಬರೇ, ಮಾಲೀಕರ ಮನೆಯೂ ಒಂದೇ. ಒಂದು ಕಡೆ ರೇಟ್ ವಿಷಯಕ್ಕೆ ಮುನಿಸಾದಾಗ ಎರಡೂ ಕಡೆ ಆರ್ಡರ್ ನಿಂತಿತು. ಆ ಗುಂಪಿನ ಹಾಳೆಯನ್ನು ಕೈಯಾರೆ ತುಂಬಬೇಕು. ಯಾರ ಒಂದು ನಿರ್ಧಾರಕ್ಕೆ ಯಾವ ಯಾವ ಬಿಲ್ ನಿಲ್ಲುತ್ತದೆ ಅಂತ ನೋಡಿ ತುಂಬಬೇಕು.

ಇನ್ನೊಂದು ಮಾತು. ಒಂದು ತಿಂಗಳ ಲೆಕ್ಕವನ್ನು ನಾನು ನಂಬೋದಿಲ್ಲ. ಮೂರು ತಿಂಗಳು ಕೂಡಿ ನೋಡಿ. ನಿಮ್ಮದೇ ಅಂಕಿ ತಗೊಂಡರೆ 58.5ರಲ್ಲಿ 22.5. ಅಂದರೆ 38.5%. ಮಿತಿ ದಾಟಿಲ್ಲ. ಜೂನ್ 30ಕ್ಕೆ ಹೋಗಬೇಕಾದ ಒಂದು ಲೋಡ್ ಜುಲೈ 1ಕ್ಕೆ ಹೋದರೂ ತಿಂಗಳ ಲೆಕ್ಕ ಅಲ್ಲಾಡುತ್ತದೆ ಅಲ್ವಾ?

ರಾಜಾಜಿನಗರ ಅಕೌಂಟ್ಸ್

ಅಲ್ಲಾಡುತ್ತದೆ, ಒಪ್ಪಿದೆ. ಆದರೆ ಮೂರು ತಿಂಗಳ ಲೆಕ್ಕ ಮಾತ್ರ ಇದ್ದಿದ್ದರೆ ಉಳಿದವರು ಬಿದ್ದದ್ದು ಆಗಸ್ಟ್‌ವರೆಗೂ ಇವರಿಗೆ ಗೊತ್ತಾಗುತ್ತಿರಲಿಲ್ಲವೇನೋ. ತಿಂಗಳದ್ದು ಬೇಗ ಹೇಳುತ್ತದೆ, ಆಗಾಗ ಸುಳ್ಳು ಹೇಳುತ್ತದೆ. ಮೂರು ತಿಂಗಳದ್ದು ತಡವಾಗಿ ಹೇಳುತ್ತದೆ. ನಾನು ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ತಿಂಗಳದ್ದು ದಾಟಿದರೆ ಕಾರಣ ಹುಡುಕುತ್ತೇವೆ. ಮೂರು ತಿಂಗಳದ್ದೂ ದಾಟಿದರೆ ಕೂತು ನಿರ್ಧಾರ ಮಾಡುತ್ತೇವೆ.

ತಿಂಗಳ ಮಧ್ಯದಲ್ಲಿ ಮಾತ್ರ ನೋಡಬೇಡಿ. ಐದನೇ ತಾರೀಕಿಗೆ ಒಬ್ಬರಿಗಷ್ಟೇ ಬಿಲ್ ಹಾಕಿದ್ದರೆ ಅವರ ಪಾಲು 100% ತೋರಿಸುತ್ತದೆ. ಮುಂದಿನ ತಿಂಗಳ 11ಕ್ಕೆ ಜಿಎಸ್‌ಟಿಆರ್-1 ಹಾಕಬೇಕಲ್ಲ. ಅದನ್ನು ಹಾಕಿದ ಮೇಲೆ ಅಂಕಿಗಳು ಮತ್ತೆ ಬದಲಾಗೋದು ಕಡಿಮೆ. ಆಗ ಶೀಟ್ ಓಡಿಸಿ.

ಪಾಲು 39, 41, 39, 41 ಅಂತ ಆಡುತ್ತಿದ್ದರೆ ತಿಂಗಳು ಬಿಟ್ಟು ತಿಂಗಳು ಮೆಸೇಜ್ ಬರುತ್ತದೆ. ಅದಕ್ಕೆ ಕೆಂಪಾಗೋಕೆ ಒಂದು ಗೆರೆ, ಕೆಂಪು ಹೋಗೋಕೆ ಅದಕ್ಕಿಂತ ಕೆಳಗೆ ಇನ್ನೊಂದು ಗೆರೆ ಇಡಿ. ಬೇರೊಂದು ಹಾಳೆಯಲ್ಲಿ ತಿಂಗಳಿಗೊಂದು ಸಾಲು ಮಾಡಿ, D ಕಾಲಂನಲ್ಲಿ ಪಾಲು, H2ರಲ್ಲಿ 0.40, H3ರಲ್ಲಿ 0.35 ಇದ್ದರೆ, E3ರಲ್ಲಿ ಇದನ್ನು ಹಾಕಿ:

```
=IF(D3>=$H$2,"ON",IF(D3<$H$3,"OFF",E2))
```

ನಡುವೆ ಇದ್ದಾಗ ಹಿಂದಿನ ತಿಂಗಳ ಸ್ಥಿತಿಯೇ ಮುಂದುವರಿಯುತ್ತದೆ.

ಬಿಟಿಎಂ ಊಟದ ಡಬ್ಬಿ

ನನ್ನದೂ ಕೇಳಬಹುದಾ? ನಾನು ಆಫೀಸ್‌ಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತೇನೆ. ಮೂರು ಆಫೀಸ್. ತಿಂಗಳಿಗೆ ಸುಮಾರು 3 ಲಕ್ಷ ಬಿಲ್, ಅದರಲ್ಲಿ 2.4 ಲಕ್ಷ ಒಂದೇ ಆಫೀಸ್‌ನದ್ದು. ಅಂದರೆ 80%. 2020ರ ಮಾರ್ಚ್‌ನಲ್ಲಿ ಆಫೀಸ್‌ಗಳು ಮುಚ್ಚಿದಾಗ ಅಡುಗೆಯವರಿಗೆ ಸಂಬಳ ಕೊಡೋಕೆ ಒಡವೆ ಇಡಬೇಕಾಯಿತು. ಆ ಭಯ ಇನ್ನೂ ಹೋಗಿಲ್ಲ. ಮಿತಿ 40 ಅಂತ ಇಟ್ಟರೆ ನನ್ನ ಶೀಟ್ ಯಾವಾಗಲೂ ಕೆಂಪೇ. ನಾನೇನು ನೋಡಬೇಕು?

ಬೊಮ್ಮಸಂದ್ರ ಶೀಟ್ ಮೆಟಲ್

ಮೇಡಂ, ಮೂರೇ ಗಿರಾಕಿ ಇರುವಾಗ ಪರ್ಸೆಂಟ್ ಬಿಡಿ, ರೂಪಾಯಿ ನೋಡಿ. ಉಳಿದ ಎರಡು ಆಫೀಸ್‌ನ 60 ಸಾವಿರದಲ್ಲಿ ದಿನಸಿ, ತರಕಾರಿ, ಗ್ಯಾಸ್ ಕಳೆದು ಎಷ್ಟು ಉಳಿಯುತ್ತದೆ? ಅದು ಅಡುಗೆಯವರ ಸಂಬಳ ಮತ್ತು ಬಾಡಿಗೆಯಲ್ಲಿ ಎಷ್ಟು ಭಾಗಕ್ಕೆ ಸಾಕು? ಆ ಒಂದು ಅಂಕಿ ಪ್ರತಿ ತಿಂಗಳು ಬರೆದಿಡಿ. ದೊಡ್ಡ ಆಫೀಸ್ ಇನ್ನೂ ಐವತ್ತು ಊಟ ಜಾಸ್ತಿ ಮಾಡಿದರೆ ನಿಮ್ಮ ಪರ್ಸೆಂಟ್ ಏರುತ್ತದೆ, ಆದರೆ ಈ ಅಂಕಿ ಹಾಗೇ ಇರುತ್ತದೆ. ನಿಮ್ಮನ್ನು ಕಾಪಾಡೋದು ಅದು.

ಬಿಟಿಎಂ ಊಟದ ಡಬ್ಬಿ

ಸುಮಾರು 27 ಸಾವಿರ ಉಳಿಯುತ್ತದೆ. ಸಂಬಳ, ಬಾಡಿಗೆ ಸೇರಿ 90 ಸಾವಿರ. ಬರೆದು ನೋಡಿದರೆ ಹೆದರಿಕೆ ಆಗುತ್ತದೆ. ಆದರೆ ಎಷ್ಟು ಬೇಕು ಅಂತ ಈಗ ಗೊತ್ತಾಯಿತು.

ಪೀಣ್ಯ ಟರ್ನಿಂಗ್

ಉಳಿದವರ ಲೆಕ್ಕ ಬಂತು. ಬಿದ್ದ 3.4 ಲಕ್ಷದಲ್ಲಿ ಹೆಚ್ಚಿನದು ಎರಡೇ ಪಾರ್ಟಿಯದ್ದು. ಒಬ್ಬರು ಹೈಡ್ರಾಲಿಕ್ ಫಿಟ್ಟಿಂಗ್ ಮಾಡಿಸುವವರು, ಇನ್ನೊಬ್ಬರು ಪಂಪ್ ಶಾಫ್ಟ್. ಇಬ್ಬರಿಗೂ ಫೋನ್ ಮಾಡಿದೆ. ಡೆಲಿವರಿ ತಡ ಆಗುತ್ತಿದೆ, ಅದಕ್ಕೇ ಸ್ವಲ್ಪ ಕೆಲಸ ಬೇರೆ ಕಡೆ ಕೊಟ್ಟೆವು ಅಂದರು.

ತಡ ಯಾಕೆ ಅಂತ ಶಾಪ್‌ನಲ್ಲಿ ಕೇಳಿದೆ. ಮೇನಲ್ಲಿ ದೊಡ್ಡ ಪಾರ್ಟಿಯ ಒಂದು ಹೊಸ ಪಾರ್ಟ್ ಶುರುವಾಯಿತು. ಅದಕ್ಕೆ ಎರಡು ಯಂತ್ರ ಕೊಟ್ಟಿದ್ದೆವು, ಈಗ ಮೂರರಲ್ಲಿ ಓಡುತ್ತಿದೆ. ಚಿಕ್ಕವರ ಕೆಲಸ ಕಾಯುತ್ತಿದೆ.

ರಾಜಾಜಿನಗರ ಅಕೌಂಟ್ಸ್

ಹಾಗಾದರೆ ನಿಮ್ಮ ಬಾಮೈದ ಹೇಳಿದ್ದರಲ್ಲೂ ಸತ್ವ ಇದೆ. ಬಿಲ್ಲಿಂಗ್‌ನಲ್ಲಿ ದೊಡ್ಡ ಪಾರ್ಟಿ ಏರದಿದ್ದರೂ ಶಾಪ್ ಒಳಗೆ ಏರಿದೆ. ಉಳಿದವರನ್ನು ಹೊರಗೆ ತಳ್ಳುತ್ತಿದೆ. ಎರಡು ವಿಷಯ ಹೇಳಿ. ದೊಡ್ಡ ಪಾರ್ಟಿ ಮೆಟೀರಿಯಲ್ ಅವರೇ ಕೊಡುತ್ತಾರಾ? ಯಂತ್ರದ ಗಂಟೆಗಳನ್ನು ಯಾರಾದರೂ ಬರೆದಿಡುತ್ತಾರಾ?

ಪೀಣ್ಯ ಟರ್ನಿಂಗ್

ದೊಡ್ಡ ಪಾರ್ಟಿ ಮೆಟೀರಿಯಲ್ ಅವರದ್ದೇ. ನಮ್ಮದು ಲೇಬರ್ ಚಾರ್ಜ್ ಮಾತ್ರ. ಉಳಿದವರಲ್ಲಿ ಹೆಚ್ಚಿನವರಿಗೆ ರಾಡ್ ನಾವೇ ತಂದು ಹಾಕುತ್ತೇವೆ. ಜೂನ್‌ನ 9.8ರಲ್ಲಿ ಮೆಟೀರಿಯಲ್ 4.3. ಏಪ್ರಿಲ್‌ನ 13ರಲ್ಲಿ 5.5.

ಗಂಟೆಗಳು ಶಿಫ್ಟ್ ಪುಸ್ತಕದಲ್ಲಿ ಇವೆ. ಏಪ್ರಿಲ್‌ನಲ್ಲಿ ದೊಡ್ಡ ಪಾರ್ಟಿಗೆ ಸುಮಾರು 1,450 ಗಂಟೆ, ಉಳಿದವರಿಗೆ 1,150. ಜೂನ್‌ನಲ್ಲಿ 1,800 ಮತ್ತು 800.

ರಾಜಾಜಿನಗರ ಅಕೌಂಟ್ಸ್

ನಾನು ಹುಡುಕುತ್ತಿದ್ದದ್ದು ಇದನ್ನೇ. ನಿಧಾನವಾಗಿ ಓದಿ.

ರಾಡ್‌ನ ದುಡ್ಡು ನಿಮ್ಮ ಬಿಲ್‌ನಲ್ಲಿ ಕಾಣುತ್ತದೆ, ಆದರೆ ಅದು ರಾಡ್ ಮಾರಿದವನಿಗೆ ಹೋಗುತ್ತದೆ. ಸಂಬಳ, ಬಾಡಿಗೆ, ಯಂತ್ರದ ಕಂತು ಕಟ್ಟೋದು ಉಳಿದ ದುಡ್ಡಿನಿಂದ. ಆದ್ದರಿಂದ ಪಾಲನ್ನು ಮೆಟೀರಿಯಲ್ ಕಳೆದ ಮೇಲೆ ನೋಡಬೇಕು. ಏಪ್ರಿಲ್‌ನಲ್ಲಿ ಉಳಿದವರಿಂದ ನಿಮಗೆ ನಿಜವಾಗಿ ಬಂದದ್ದು 7.5. ದೊಡ್ಡ ಪಾರ್ಟಿ 7. ಪಾಲು 48%. ಜೂನ್‌ನಲ್ಲಿ ಉಳಿದವರಿಂದ 5.5, ದೊಡ್ಡ ಪಾರ್ಟಿಯಿಂದ 7.7. ಪಾಲು 58%.

ನಿಮ್ಮ ಶೀಟ್ 35% ಅಂತ ಹಸಿರು ತೋರಿಸುತ್ತಿದ್ದ ಏಪ್ರಿಲ್‌ನಲ್ಲೇ ನಿಮ್ಮ ಸಂಸಾರದ ಅರ್ಧ ಭಾರ ಒಬ್ಬರ ಮೇಲಿತ್ತು. ದೊಡ್ಡ ಪಾರ್ಟಿ ಮೆಟೀರಿಯಲ್ ತಾನೇ ಕೊಟ್ಟು, ಉಳಿದವರಿಗೆ ನೀವು ಹಾಕುವಾಗ ಬಿಲ್ಲಿಂಗ್ ಮೇಲಿನ ಪಾಲು ಅಪಾಯವನ್ನು ಕಡಿಮೆ ಮಾಡಿ ತೋರಿಸುತ್ತದೆ. ಇದು ನಿಮ್ಮೊಬ್ಬರ ವಿಷಯ ಅಲ್ಲ. ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ನಾನು ಲೆಕ್ಕ ಬರೆಯುವ ಶಾಪ್‌ಗಳಲ್ಲಿ ಇದು ಸಾಮಾನ್ಯ.

ಈಗ ಗಂಟೆ. ದೊಡ್ಡ ಪಾರ್ಟಿಯ ಬಿಲ್ಲಿಂಗ್ 7ರಿಂದ 7.7ಕ್ಕೆ ಹೋಯಿತು, ಅಂದರೆ 10% ಹೆಚ್ಚು. ಗಂಟೆ 1,450ರಿಂದ 1,800ಕ್ಕೆ, ಅಂದರೆ 24% ಹೆಚ್ಚು. ಏಪ್ರಿಲ್‌ನಲ್ಲಿ ಅವರಿಂದ ಗಂಟೆಗೆ 483 ರೂಪಾಯಿ ಬರುತ್ತಿತ್ತು. ಜೂನ್‌ನಲ್ಲಿ 428. ಉಳಿದವರಿಂದ ಜೂನ್‌ನಲ್ಲಿ ಗಂಟೆಗೆ 688. ಮೇನಲ್ಲಿ ಶುರುವಾದ ಪಾರ್ಟ್‌ನ ಸೈಕಲ್ ಟೈಮ್ ಕೊಟೇಶನ್‌ನಲ್ಲಿ ಹಾಕಿದ್ದಕ್ಕಿಂತ ಜಾಸ್ತಿ ಆಗುತ್ತಿದೆ ಅಂತ ನನ್ನ ಅನುಮಾನ.

ಪೀಣ್ಯ ಟರ್ನಿಂಗ್

ನಿಮ್ಮ ಅನುಮಾನ ಸರಿ ಸರ್. ಕೊಟೇಶನ್‌ನಲ್ಲಿ 4 ನಿಮಿಷ. ಇವತ್ತು ಗಡಿಯಾರ ಹಿಡಿದು ನೋಡಿದೆವು. ಲೋಡಿಂಗ್, ಬರ್ ತೆಗೆಯೋದು ಸೇರಿ ಐದು ನಿಮಿಷದ ಹತ್ತಿರ.

ಬೊಮ್ಮಸಂದ್ರ ಶೀಟ್ ಮೆಟಲ್

ಹಾಗಾದರೆ ಹೊಸ ಆರ್ಡರ್ ಬೇಕಾ ಬೇಡ್ವಾ ಅನ್ನೋದಕ್ಕಿಂತ ಮೊದಲು ಮೇನಲ್ಲಿ ಶುರುವಾದ ಪಾರ್ಟ್‌ನ ರೇಟ್ ಮಾತಾಡಿ. ಅಳೆದ ಸೈಕಲ್ ಟೈಮ್ ಹಾಳೆ ತಗೊಂಡು ಹೋಗಿ. ಅವರಿಗೆ ಈಗ ನಿಮ್ಮಿಂದ ಇನ್ನೊಂದು ಪಾರ್ಟ್ ಬೇಕಾಗಿದೆ. ಮಾತಾಡೋಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗೋದಿಲ್ಲ.

ಆರ್ಟಿಕಲ್‌ಶಿಪ್ ಹುಡುಗ

10% ವಿಷಯ ಅರ್ಥವಾಯಿತು ಸರ್, ಥ್ಯಾಂಕ್ಸ್. ಆದರೆ 40 ಅನ್ನೋದೂ ಎಲ್ಲಿಂದ ಬಂತು? 58% ಅನ್ನೋದು ಎಷ್ಟು ಕೆಟ್ಟದ್ದು ಅಂತ ಹೇಗೆ ಹೇಳೋದು?

ರಾಜಾಜಿನಗರ ಅಕೌಂಟ್ಸ್

ಮಿತಿ ಯಾರೋ ಹೇಳಿದ ಅಂಕಿ ಆಗಬಾರದು. ಆ ಪಾರ್ಟಿ ನಾಳೆ ನಿಂತರೆ ಎಷ್ಟು ತಿಂಗಳು ತಡೆಯಬಹುದು ಅನ್ನೋದರಿಂದ ಬರಬೇಕು. ಪೀಣ್ಯದವರೇ, ಕೆಲಸ ಇರಲಿ ಬಿಡಲಿ ತಿಂಗಳಿಗೆ ಹೋಗಲೇಬೇಕಾದ ಖರ್ಚು ಎಷ್ಟು? ಬ್ಯಾಂಕಿನಲ್ಲಿ ಮುಟ್ಟಬಹುದಾದ ದುಡ್ಡು ಎಷ್ಟು? ಅಷ್ಟೇ ಕೆಲಸ ಬೇರೆ ಕಡೆಯಿಂದ ತರೋಕೆ ಎಷ್ಟು ತಿಂಗಳು ಬೇಕು?

ಪೀಣ್ಯ ಟರ್ನಿಂಗ್

ಸಂಬಳ, ಬಾಡಿಗೆ, ಕಂತು ಎಲ್ಲ ಸೇರಿ 9.5 ಲಕ್ಷ. ಕೈಯಲ್ಲಿ 8 ಲಕ್ಷ. ಹೊಸ ಪಾರ್ಟಿ ಬರಬೇಕಾದರೆ ಸ್ಯಾಂಪಲ್, ಇನ್‌ಸ್ಪೆಕ್ಷನ್, ಅಪ್ರೂವಲ್ ಅಂತ ಆರು ತಿಂಗಳು ಹಿಡಿಯುತ್ತದೆ.

ರಾಜಾಜಿನಗರ ಅಕೌಂಟ್ಸ್

8 ಲಕ್ಷವನ್ನು ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 1.33. ನೀವು ತಡೆಯಬಹುದಾದ ಕೊರತೆ ಅಷ್ಟು. ಹಾಗಾದರೆ ಉಳಿದವರಿಂದ, ಮೆಟೀರಿಯಲ್ ಕಳೆದು, ತಿಂಗಳಿಗೆ 8.17 ಬರುತ್ತಿರಬೇಕು. ಜೂನ್‌ನಲ್ಲಿ ಒಟ್ಟು ಬಂದದ್ದು 13.2. ಅದರಲ್ಲಿ 8.17 ಉಳಿದವರದ್ದು ಅಂದರೆ ದೊಡ್ಡ ಪಾರ್ಟಿಗೆ 5.03. ಪಾಲು 38%. ನಿಮ್ಮ ಮಿತಿ ಇದು.

ಈಗಿರುವ ಸ್ಥಿತಿಯಲ್ಲಿ ಅವರು ನಿಂತರೆ ತಿಂಗಳಿಗೆ 4 ಲಕ್ಷ ಕೊರತೆ. 8 ಲಕ್ಷ ಎರಡು ತಿಂಗಳಿಗೆ ಮುಗಿಯುತ್ತದೆ.

ಈ ಮಿತಿ ಸ್ಥಿರ ಅಲ್ಲ ಅನ್ನೋದನ್ನೂ ಗಮನಿಸಿ. ಒಂದು ಯಂತ್ರದ ಕಂತು ಮುಗಿದರೆ ಮಿತಿ ಮೇಲೆ ಹೋಗುತ್ತದೆ. ದೊಡ್ಡ ಪಾರ್ಟಿಗೋಸ್ಕರ ಸಾಲ ಮಾಡಿ ಹೊಸ ಯಂತ್ರ ತಂದರೆ ಪಾಲು ಏರುತ್ತದೆ, ಮಿತಿ ಇಳಿಯುತ್ತದೆ. ಎರಡೂ ಒಟ್ಟಿಗೆ. ನಾನು ನೋಡಿದ ಶಾಪ್‌ಗಳು ಮುಳುಗಿದ್ದು ಹೆಚ್ಚಾಗಿ ಆ ಜಾಗದಲ್ಲಿ.

ಬೊಮ್ಮಸಂದ್ರ ಶೀಟ್ ಮೆಟಲ್

ಅವರಿಂದ ಬರಬೇಕಾದ ಬಾಕಿ ಇದರಲ್ಲಿ ಬಂದಿಲ್ಲ ಸರ್. ಪಾರ್ಟಿ ನಿಲ್ಲೋದು ಅಂದರೆ ಬರೀ ಆರ್ಡರ್ ನಿಲ್ಲೋದಲ್ಲ. ಹಳೇ ಬಿಲ್‌ಗಳೂ ನಿಲ್ಲುತ್ತವೆ. ಎಷ್ಟು ದಿನಕ್ಕೆ ಕೊಡುತ್ತಾರೆ?

ಪೀಣ್ಯ ಟರ್ನಿಂಗ್

75 ದಿನ. ಆಗಾಗ ಇನ್ನೂ ಸ್ವಲ್ಪ ಜಾಸ್ತಿ.

ಬೊಮ್ಮಸಂದ್ರ ಶೀಟ್ ಮೆಟಲ್

ಅಂದರೆ ಎರಡೂವರೆ ತಿಂಗಳ ಬಿಲ್, ಜಿಎಸ್‌ಟಿ ಬಿಟ್ಟರೂ 18 ಲಕ್ಷದ ಮೇಲೆ, ಯಾವಾಗಲೂ ಅವರ ಹತ್ತಿರ ಇರುತ್ತದೆ. ಆ ಬಿಲ್‌ಗಳ ಜಿಎಸ್‌ಟಿಯನ್ನು ನೀವು ಆಗಲೇ ಕಟ್ಟಿರುತ್ತೀರಿ. ಶೀಟ್‌ನಲ್ಲಿ ಮಾರಾಟದ ಪಾಲಿನ ಪಕ್ಕ ಬಾಕಿಯ ಪಾಲೂ ಇರಲಿ. ನನ್ನ ವಿಷಯದಲ್ಲಿ ಮಾರಾಟದ ಪಾಲು ಇಳಿಯುತ್ತಿತ್ತು, ಬಾಕಿಯ ಪಾಲು ಏರುತ್ತಿತ್ತು. ಅವರು ಕಷ್ಟದಲ್ಲಿದ್ದಾರೆ ಅಂತ ಅದೇ ಮೊದಲು ಹೇಳಿತು.

ಆರ್ಟಿಕಲ್‌ಶಿಪ್ ಹುಡುಗ

ಇದಕ್ಕೆ ಕಾನೂನು ಇದೆ ಸರ್. 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಒಪ್ಪಂದ ಇದ್ದರೂ 45 ದಿನದ ಮೇಲೆ ಹೋಗುವಂತಿಲ್ಲ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. 2024-25ರ ಅಸೆಸ್‌ಮೆಂಟ್ ವರ್ಷದಿಂದ ಬಂದ ಆದಾಯ ತೆರಿಗೆ ನಿಯಮದ ಪ್ರಕಾರ ಹೊತ್ತಿಗೆ ಕೊಡದೆ ವರ್ಷ ಮುಗಿದರೂ ಬಾಕಿ ಇದ್ದರೆ ಆ ವರ್ಷ ಅವರಿಗೆ ಆ ಖರ್ಚು ತೆರಿಗೆಯಲ್ಲಿ ಸಿಗೋದಿಲ್ಲ. ಒಂದು ಪತ್ರ ಬರೆದರೆ ಕೊಟ್ಟೇ ಕೊಡುತ್ತಾರೆ.

ಬೊಮ್ಮಸಂದ್ರ ಶೀಟ್ ಮೆಟಲ್

ಕಾನೂನು ನೀವು ಹೇಳಿದ ಹಾಗೇ ಇದೆ. ಆದರೆ ಸಂಬಳದ ಅರ್ಧಕ್ಕಿಂತ ಹೆಚ್ಚು ದುಡ್ಡು ಕೊಡುವವರ ಮೇಲೆ ಯಾರು ದೂರು ಕೊಡುತ್ತಾರೆ ತಮ್ಮಾ? ಪಾಲು 15% ಇದ್ದಾಗ ಆ ಪತ್ರ ಬರೆಯಬಹುದು. 58% ಇದ್ದಾಗ ಕೈ ನಡುಗುತ್ತದೆ.

ರಾಜಾಜಿನಗರ ಅಕೌಂಟ್ಸ್

ಇಬ್ಬರದ್ದೂ ನಿಜ. ನಡುವೆ ಒಂದು ದಾರಿ ಇದೆ. ಉದ್ಯಮ್ ನೋಂದಣಿ ಇದ್ದು, ಆ ಪಾರ್ಟಿ ಟ್ರೆಡ್ಸ್ ಅನ್ನೋ ಆನ್‌ಲೈನ್ ವೇದಿಕೆಯಲ್ಲಿ ಇದ್ದರೆ ಬಿಲ್ ಅಲ್ಲಿ ಹಾಕಿ. ಅವರು ಬಿಲ್ ಒಪ್ಪಿದ ಮೇಲೆ ಬ್ಯಾಂಕ್‌ಗಳು ಬಡ್ಡಿ ಕಳೆದು ನಿಮಗೆ ಮುಂಚೆಯೇ ದುಡ್ಡು ಕೊಡುತ್ತವೆ. ಆಮೇಲೆ ಪಾರ್ಟಿ ಕೊಡದಿದ್ದರೂ ನಿಮ್ಮನ್ನು ವಾಪಸ್ ಕೇಳುವಂತಿಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅಲ್ಲಿ ನೋಂದಾಯಿಸಲೇಬೇಕು ಅಂತ 2024ರಲ್ಲಿ ಆದೇಶ ಬಂದಿದೆ. ಆದರೆ ನೋಂದಾಯಿಸಿದವರು ನಿಮ್ಮ ಬಿಲ್ ಅಲ್ಲಿ ಒಪ್ಪಬೇಕಲ್ಲ, ಅದನ್ನು ನೀವು ಕೇಳಿಯೇ ಪಡೆಯಬೇಕು. ಇದರಿಂದ ಬಾಕಿಯ ಅಪಾಯ ತಗ್ಗುತ್ತದೆ. ಆರ್ಡರ್ ನಿಲ್ಲುವ ಅಪಾಯ ಹಾಗೇ ಇರುತ್ತದೆ.

ಪೀಣ್ಯ ಟರ್ನಿಂಗ್

ಬಾಮೈದನಿಗೆ ಇದೆಲ್ಲ ಓದಿ ಹೇಳಿದೆ. ಅವನದ್ದೊಂದು ಪ್ರಶ್ನೆ. ಮಿತಿ 38 ಅಂತ ಇಟ್ಟರೆ ಈಗಿನ 58ಕ್ಕೆ ಪ್ರತಿ ತಿಂಗಳೂ ಕೆಂಪು. ಒಂದು ವರ್ಷ ಹಾಗೇ ಇರಬಹುದು. ಆ ಅಲರ್ಟ್‌ನಿಂದ ಏನು ಉಪಯೋಗ?

ರಾಜಾಜಿನಗರ ಅಕೌಂಟ್ಸ್

ಒಳ್ಳೆಯ ಪ್ರಶ್ನೆ. ನಾನಾದರೆ 38ನ್ನು ಗುರಿ ಅಂತ ಮೇಲೆ ಬರೆದಿಡುತ್ತೇನೆ. ಅಲರ್ಟ್‌ಗೆ ಸದ್ಯಕ್ಕೆ 60 ಇಡುತ್ತೇನೆ. ಉಳಿದವರ ದುಡ್ಡು 5.5ಕ್ಕಿಂತ ಕೆಳಗೆ ಹೋದರೂ ಕೆಂಪಾಗಲಿ. ಪಾಲು ಇಳಿದ ಹಾಗೆ ಅಲರ್ಟ್‌ನ ಗೆರೆಯನ್ನೂ ಕೆಳಗೆ ತರುತ್ತಾ ಹೋಗಿ. ಮೇಲಕ್ಕೆ ಮಾತ್ರ ಒಯ್ಯಬೇಡಿ.

ಬೊಮ್ಮಸಂದ್ರ ಶೀಟ್ ಮೆಟಲ್

ನಾನು ಇದನ್ನು ಒಪ್ಪೋದಿಲ್ಲ ಸರ್. ಅಪಾಯದಲ್ಲಿ ಇದ್ದೀವಿ ಅಂದಮೇಲೆ ಕೆಂಪು ಕಾಣಲೇಬೇಕು. 60 ಅಂತ ಇಟ್ಟು ಹಸಿರು ಮಾಡಿಕೊಂಡರೆ ಆರು ತಿಂಗಳಲ್ಲಿ 58 ಅನ್ನೋದೇ ಸಹಜ ಅನ್ನಿಸಿಬಿಡುತ್ತದೆ. ನನ್ನ ಶೀಟ್ ಒಂದೂವರೆ ವರ್ಷ ಕೆಂಪಾಗಿತ್ತು. ಅದನ್ನು ನೋಡಿ ನೋಡಿಯೇ ಹೊಸ ಪಾರ್ಟಿ ಹುಡುಕೋಕೆ ಅಬ್ಬಿಗೆರೆ, ಜಿಗಣಿ ಎಲ್ಲ ಸುತ್ತಿದೆ.

ಮುಗಿದ ತಿಂಗಳ ಬಿಲ್ ನೋಡೋದೇ ತಡ ಅಂತ ನನಗೆ ಈಗೀಗ ಅನ್ನಿಸುತ್ತಿದೆ. ಕೈಯಲ್ಲಿರುವ ಪಿಒಗಳ ಮೇಲೆ ಪಾಲು ನೋಡಿದರೆ ಮುಂದಿನ ಎರಡು ತಿಂಗಳು ಇವತ್ತೇ ಕಾಣುತ್ತದೆ.

ರಾಜಾಜಿನಗರ ಅಕೌಂಟ್ಸ್

ಪಿಒ ಲೆಕ್ಕ ನನಗೆ ಇನ್ನೂ ನಂಬಿಕೆ ಬಂದಿಲ್ಲ. ದೊಡ್ಡವರು ವರ್ಷದ ಓಪನ್ ಪಿಒ ಕೊಟ್ಟಿರುತ್ತಾರೆ, ತಿಂಗಳ ಶೆಡ್ಯೂಲ್ ಬದಲಾಯಿಸುತ್ತಲೇ ಇರುತ್ತಾರೆ. ಚಿಕ್ಕವರು ವಾಟ್ಸಾಪ್‌ನಲ್ಲಿ ಡ್ರಾಯಿಂಗ್ ಕಳಿಸಿ ಮಾಡಿಕೊಡಿ ಅನ್ನುತ್ತಾರೆ, ಪಿಒ ಬರೋದು ಮಾಲು ಹೋದಮೇಲೆ. ಆ ಲೆಕ್ಕದಲ್ಲಿ ದೊಡ್ಡವರ ಪಾಲು ಸುಮ್ನೆ ಜಾಸ್ತಿ ಕಾಣುತ್ತದೆ. ನೀವು ಹೇಗೆ ಸರಿ ಮಾಡುತ್ತೀರಿ ಅಂತ ಬರೆದರೆ ಕಲಿಯುತ್ತೇನೆ.

ಕೆಂಪಿನ ಮಾತಿಗೆ ಬಂದರೆ, ನಿಮ್ಮ ಹಾಗೆ ಒಂದೂವರೆ ವರ್ಷ ಕೆಂಪನ್ನು ದಿಟ್ಟಿಸಿ ನೋಡುವವರು ಕಡಿಮೆ. ಹೆಚ್ಚಿನವರು ಮೂರನೇ ತಿಂಗಳಿಗೆ ಆ ಹಾಳೆ ತೆರೆಯೋದೇ ಬಿಡುತ್ತಾರೆ.

ಬಿಟಿಎಂ ಊಟದ ಡಬ್ಬಿ

ನನಗೆ ಬೊಮ್ಮಸಂದ್ರದವರ ಮಾತೇ ಸರಿ ಅನ್ನಿಸುತ್ತದೆ. 27 ಸಾವಿರ ಅಂತ ಅಡುಗೆಮನೆ ಗೋಡೆ ಮೇಲೆ ಬರೆದಿದ್ದೇನೆ. ಎಚ್‌ಎಸ್‌ಆರ್‌ನಲ್ಲಿ ಒಂದು ಚಿಕ್ಕ ಆಫೀಸ್ ಕೇಳಿದೆ, ಮೂವತ್ತು ಊಟ. ಸೋಮವಾರ ಸ್ಯಾಂಪಲ್ ಕಳಿಸುತ್ತೇನೆ.

ಪೀಣ್ಯ ಟರ್ನಿಂಗ್

ನಾವು ಸದ್ಯಕ್ಕೆ ಹೀಗೆ ಮಾಡುತ್ತಿದ್ದೇವೆ. Sales ಹಾಳೆಯ E ಕಾಲಂನಲ್ಲಿ ಮೆಟೀರಿಯಲ್ ದುಡ್ಡು ಹಾಕಿಸುತ್ತಿದ್ದೇವೆ. ಪಾಲು ಇನ್ನು ಮುಂದೆ ಅದನ್ನು ಕಳೆದ ಮೇಲೆ. ಒಂದು ಯಂತ್ರವನ್ನು ದೊಡ್ಡ ಪಾರ್ಟಿಯಿಂದ ತೆಗೆದು ಫಿಟ್ಟಿಂಗ್ ಮತ್ತು ಶಾಫ್ಟ್‌ಗೆ ಕೊಟ್ಟಿದ್ದೇವೆ. ಇಬ್ಬರಿಗೂ ಫೋನ್ ಮಾಡಿ ತಾರೀಕು ಹೇಳಿದ್ದೇನೆ. ಶಾಫ್ಟ್‌ನವರು ವಾಪಸ್ ಬರುತ್ತೇವೆ ಅಂದರು. ಫಿಟ್ಟಿಂಗ್‌ನವರು ನೋಡೋಣ ಅಂದರು.

ದೊಡ್ಡ ಪಾರ್ಟಿ ಹತ್ತಿರ ಶುಕ್ರವಾರ ಹೊಸೂರಿಗೆ ಹೋಗುತ್ತಿದ್ದೇವೆ. ಐದು ನಿಮಿಷದ ಲೆಕ್ಕಕ್ಕೆ ರೇಟ್ ಕೊಟ್ಟರೆ ಹೊಸ ಪಾರ್ಟ್ ಬಗ್ಗೆ ಮಾತು ಮುಂದುವರಿಸೋದು ಅಂತ ನಾನು. ಕೊಟ್ಟರೂ ಉಳಿದವರಿಂದ 8 ಲಕ್ಷ ಬರೋವರೆಗೂ ಬೇಡ ಅಂತ ಬಾಮೈದ. ಅಲರ್ಟ್ 38ಕ್ಕೋ 60ಕ್ಕೋ ಅನ್ನೋದೂ ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನ ಆಗಿಲ್ಲ. ಟ್ರೆಡ್ಸ್ ವಿಷಯವನ್ನೂ ಅಲ್ಲಿ ಕೇಳುತ್ತೇನೆ. ಅದರಲ್ಲಿ ಬಿಲ್ ಹಾಕಿ ಅನುಭವ ಇರುವವರು ಯಾರಾದರೂ ಇದ್ದರೆ, ಪಾರ್ಟಿ ಒಪ್ಪಿದ ಮೇಲೆ ದುಡ್ಡು ಕೈಗೆ ಬರೋಕೆ ಎಷ್ಟು ದಿನ ಆಗುತ್ತದೆ ಅಂತ ಶುಕ್ರವಾರದ ಒಳಗೆ ಹೇಳಿ.